ನಾಲ್ಕು ಸಲ ಫುಲ್ ಚಾರ್ಜ್ ಆಯ್ತು ಅನ್ನುವ ರಿವ್ಯೂ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿ ರೈಲು ಹತ್ತುವವರ ಚೀಲದಲ್ಲಿ ಈಗ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಪವರ್ ಬ್ಯಾಂಕೂ ಇರುತ್ತದೆ. ಸೂಪರ್ ಮಾರ್ಕೆಟ್‌ ಅಂಗಡಿಯಲ್ಲಿ ಕೊಂಡರೂ ಮೊದಲು ಮೊಬೈಲಿನಲ್ಲಿ ರಿವ್ಯೂ ನೋಡಿಯೇ ಹೋಗುತ್ತೇವೆ. ಅದಕ್ಕೆ ಇವತ್ತು ಪವರ್ ಬ್ಯಾಂಕ್ ಒಂದನ್ನೇ ಹಿಡಿದು ಮಾತಾಡುತ್ತೇನೆ.

ಹೀಗೊಂದು ಪವರ್ ಬ್ಯಾಂಕ್ ಇದೆ ಅಂದುಕೊಳ್ಳಿ. 20,000 ಎಂಎಎಚ್, ಬೆಲೆ 799 ರೂಪಾಯಿ, ರೇಟಿಂಗ್ 4.4. ರಿವ್ಯೂ ತೆಗೆದರೆ ಮೊದಲಿಗೇ ಕಾಣುತ್ತದೆ: 'ನನ್ನ 5,000 ಎಂಎಎಚ್ ಫೋನು ನಾಲ್ಕು ಸಲ ಫುಲ್ ಚಾರ್ಜ್ ಆಯ್ತು, ಸೂಪರ್.' ಅದರ ಕೆಳಗೆ ಇನ್ನಿಬ್ಬರು ಅದನ್ನೇ ಬರೆದಿದ್ದಾರೆ.

ಇಲ್ಲೇ ಸ್ವಲ್ಪ ನಿಲ್ಲೋಣ. 20,000 ಅನ್ನುವುದು ಒಳಗಿನ ಸೆಲ್‌ಗಳ ಲೆಕ್ಕ, ಅವು ಸುಮಾರು 3.7 ವೋಲ್ಟಿನವು. ಹೊರಗೆ ಬರುವುದು ಸಾಮಾನ್ಯವಾಗಿ 5 ವೋಲ್ಟ್. ವೋಲ್ಟೇಜ್ ಏರಿಸಿದಾಗ ಎಂಎಎಚ್ ಇಳಿಯಲೇಬೇಕು. ಒಂಚೂರೂ ನಷ್ಟವಿಲ್ಲ ಅಂದುಕೊಂಡರೂ 14,800 ಉಳಿಯುತ್ತದೆ. ಶಾಖವಾಗಿ ಹೋಗುವುದನ್ನು ಕಳೆದರೆ ಹನ್ನೆರಡು, ಹದಿಮೂರು ಸಾವಿರ. ಅಂಥ ಫೋನು ಎರಡೂವರೆ ಸಲ ತುಂಬಬಹುದು, ಒಳ್ಳೆಯ ಮಾಲಾದರೆ ಮೂರರ ಹತ್ತಿರ. ನಾಲ್ಕು ಎಲ್ಲಿಂದ ಬಂತು? ಇಪ್ಪತ್ತು ಸಾವಿರವನ್ನು ಐದು ಸಾವಿರದಿಂದ ಭಾಗಿಸಿದರೆ ಬಂತು! ಬರೆದವರು ಚಾರ್ಜ್ ಮಾಡಿ ನೋಡಿಲ್ಲ, ಡಬ್ಬಿಯ ಮೇಲಿನ ಅಂಕಿ ನೋಡಿದ್ದಾರೆ.

ಇದೇ ಲೆಕ್ಕ ಇನ್ನೊಂದು ಕಡೆಗೂ ಅನ್ವಯಿಸುತ್ತದೆ. 'ಮೋಸ, 20,000 ಅಂತ ಹೇಳಿ 12,000 ಕೊಡುತ್ತದೆ' ಅಂತ ಒಂದು ಸ್ಟಾರ್ ಕೊಟ್ಟವರೂ ಇರುತ್ತಾರೆ. ಪಾಪ, ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಅದು ಮಾಲಿನ ದೋಷ ಅಲ್ಲ. 'ಎರಡು ಸಲ ತುಂಬಿ, ಮೂರನೇ ಸಲ ಅರವತ್ತು ಪರ್ಸೆಂಟಿಗೆ ನಿಂತಿತು, ತೂಕ ಜಾಸ್ತಿ' ಅಂತ ಮೂರು ಸ್ಟಾರ್ ಕೊಟ್ಟವರು ಸಿಕ್ಕರೆ ಅವರನ್ನು ನಂಬಬಹುದು.

ಈಗ ರಿವ್ಯೂಗಳನ್ನು 'ಹೊಸದು ಮೊದಲು' ಅಂತ ಜೋಡಿಸಿ, ಕೆಳಕ್ಕೆ ಹೋಗುತ್ತಾ ಇರಿ. ಒಂದು ವಾರದಲ್ಲಿ ಐದು ಸ್ಟಾರಿನ ಐವತ್ತು ರಿವ್ಯೂ, ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ ಅಂದರೆ ಅನುಮಾನ ಪಡಿ. ದಸರಾ, ದೀಪಾವಳಿ ಸೇಲಿನಲ್ಲೂ ಹೀಗೆ ಒಮ್ಮೆಲೇ ಬರುತ್ತವೆ ಅಲ್ವಾ ಅಂತ ನೀವು ಕೇಳಬಹುದು. ನಿಜ. ಆದರೆ ಜನ ನಿಜವಾಗಿ ಕೊಂಡಾಗ ಹೊಗಳಿಕೆಯ ಜೊತೆ ಬೈಗುಳವೂ ಏರುತ್ತದೆ. ಬರೀ ಹೊಗಳಿಕೆ ಏರಿದರೆ ಅದನ್ನು ಯಾರೋ ಏರಿಸಿದ್ದಾರೆ.

ಇನ್ನೂ ಕೆಳಗೆ, ತೀರಾ ಹಳೆಯ ರಿವ್ಯೂಗಳಲ್ಲಿ ಒಮ್ಮೊಮ್ಮೆ ಮಜಾ ಇರುತ್ತದೆ. 'ಫೋನಿಗೆ ಸರಿಯಾಗಿ ಕೂರುತ್ತದೆ, ಕ್ಯಾಮೆರಾ ತೂತು ಸರಿ ಇದೆ.' ಪವರ್ ಬ್ಯಾಂಕಿಗೆ ಕ್ಯಾಮೆರಾ ತೂತು ಯಾಕೆ? ಹಿಂದೆ ಆ ಪುಟದಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು. ಪುಟದ ಹೆಸರು, ಫೋಟೋ ಬದಲಾಯಿಸಿ, ಹಳೆಯ ಸ್ಟಾರುಗಳನ್ನು ಹೊಸ ಮಾಲಿಗೆ ಉಳಿಸಿಕೊಂಡಿದ್ದಾರೆ. ಆ 4.4 ಕವರಿನದು.

ಕಾಪಿ ಮಾಡಿದ ರಿವ್ಯೂ ಹಿಡಿಯುವುದು ಸುಲಭ. ವಿಚಿತ್ರ ಅನಿಸಿದ ಒಂದು ಉದ್ದನೆಯ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಬೇರೆ ಕಂಪನಿಯ ಮಾಲಿನ ಕೆಳಗೂ ಅದೇ ವಾಕ್ಯ ಸಿಕ್ಕರೆ ಮುಗಿಯಿತು. 'ಕೊಟ್ಟ ದುಡ್ಡಿಗೆ ಮೋಸ ಇಲ್ಲ' ಅನ್ನುವಂಥ ಸಣ್ಣ ಮಾತಿಗೆ ಈ ಪರೀಕ್ಷೆ ಬೇಡ, ಅದನ್ನು ಎಲ್ಲರೂ ಬರೆಯುತ್ತಾರೆ.

'ವೆರಿಫೈಡ್' ಅಂತ ಇದೆಯಲ್ಲಾ ಸರ್, ಅಂತ ಕೇಳುವವರು ಬಹಳ. ಅದರ ಅರ್ಥ, ಆ ಖಾತೆಯಿಂದ ಮಾಲು ಕೊಂಡಿದ್ದಾರೆ ಅಂತ, ಅಷ್ಟೇ. ಡಬ್ಬಿಯೊಳಗೆ ಒಂದು ಚೀಟಿ ಬರುತ್ತದೆ ನೋಡ್ರಿ: ಐದು ಸ್ಟಾರ್ ಹಾಕಿ, ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿ, ನೂರು ರೂಪಾಯಿ ಪಡೆಯಿರಿ. ಹಾಗೆ ಬರೆದವರೂ ವೆರಿಫೈಡ್ ಜನರೇ. ಇನ್ನೂ ಮುಂದೆ ಹೋಗಿ, ಪೂರ್ತಿ ದುಡ್ಡು ವಾಪಸ್ ಕೊಟ್ಟು ಬರೆಸುವ ಗುಂಪುಗಳೂ ಇವೆ. ಮಾಲಿನ ಗುಣಮಟ್ಟ ನಿಗದಿ ಮಾಡುವ ನಮ್ಮ ಕೇಂದ್ರ ಸರ್ಕಾರದ ಸಂಸ್ಥೆ ಬಿಐಎಸ್ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆ ಐಎಸ್ 19000 ಅಂತ ಒಂದು ಮಾನದಂಡ ತಂದಿತು, ಆದರೆ ಅದು ಕಡ್ಡಾಯ ಅಲ್ಲ, ಸ್ವಇಚ್ಛೆಯದಾಗಿ ಶುರುವಾಯಿತು. ಹಾಗಾಗಿ ಚೀಟಿ ಬಂದರೆ ಫೋಟೋ ತೆಗೆದಿಟ್ಟುಕೊಂಡು ಮಾರಾಟದ ಆಪ್‌ನಲ್ಲಿ ದೂರು ಹಾಕಿ. ಗ್ರಾಹಕ ಸಹಾಯವಾಣಿ 1915 ಕೂಡ ಇದೆ.

ಬರಹಕ್ಕಿಂತ ನಾನು ಜಾಸ್ತಿ ನೋಡುವುದು ಕೊಂಡವರು ಹಾಕಿದ ಫೋಟೋ. ಬಿಸಿಲು ಬಿದ್ದ ಟೇಬಲ್ಲು, ಹರಿದ ಡಬ್ಬಿ, ಅದರ ಮೇಲೆ ಬಿಐಎಸ್ ಗುರುತು. ಪವರ್ ಬ್ಯಾಂಕಿಗೆ ಬಿಐಎಸ್ ನೋಂದಣಿ ಕಡ್ಡಾಯ. ಆ ಗುರುತಿನ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಫೋಟೋ ದೊಡ್ಡದು ಮಾಡಿ ಓದಿಕೊಂಡು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು, ಬ್ರ್ಯಾಂಡ್ ತೋರಿಸುತ್ತದೆ. ಬೇರೆ ಯಾವುದೋ ಬ್ರ್ಯಾಂಡಿನ ಹೆಸರು ಬಂದರೆ, ಅಥವಾ ಏನೂ ಬರದಿದ್ದರೆ, ಉಳಿದ ರಿವ್ಯೂ ಓದುವ ಕೆಲಸವೇ ಇಲ್ಲ.