ಗುರಿ ಎಲ್ಲಿದೆ ಎಂಬುದಲ್ಲ, ಗುಂಡು ಎಂದು ತಲುಪೀತು ಎಂಬುದು

ಸಭೆಗೆ ನಮಸ್ಕಾರ.

ಬೆಳಗಿನ ಪ್ರದರ್ಶನದಲ್ಲಿ ನೀವು ರೂಪಿಸಿದ ಆಟಗಳನ್ನು ನೋಡಿಕೊಂಡೇ ಈ ವೇದಿಕೆಗೆ ಬಂದಿದ್ದೇನೆ. ಗೋಪುರ ಕಾಯುವ ಆಟಗಳೇ ಹೆಚ್ಚಾಗಿದ್ದವು. ಅವುಗಳಲ್ಲಿ ಅನೇಕ ಟರೆಟ್‌ಗಳು ಓಡುವ ಶತ್ರುವಿನ ಬೆನ್ನ ಹಿಂದಿನ ಖಾಲಿ ನೆಲಕ್ಕೆ ಬಹಳ ಶ್ರದ್ಧೆಯಿಂದ ಗುಂಡು ಹೊಡೆಯುತ್ತಿದ್ದವು. ಕೆಲವರು ಈ ಕೊರತೆಯನ್ನು ಮುಚ್ಚಲು ಹಾರುತ್ತಿರುವ ಗುಂಡನ್ನೇ ನಡುದಾರಿಯಲ್ಲಿ ಬಾಗಿಸಿದ್ದರು, ಇನ್ನು ಕೆಲವರು ಗುಂಡಿನ ವೇಗವನ್ನು ಕಣ್ಣಿಗೆ ಕಾಣದಷ್ಟು ಹೆಚ್ಚಿಸಿದ್ದರು. ಇವೆರಡೂ ಅನಗತ್ಯ ಎಂಬುದು ನನ್ನ ವಾದ. ಹತ್ತನೆಯ ತರಗತಿಯ ವರ್ಗ ಸಮೀಕರಣವೊಂದು ಈ ಕೆಲಸವನ್ನು ಮಾಡಿ ಮುಗಿಸುತ್ತದೆ. ಆದರೆ ಅದಕ್ಕೆ ಕೇಳುವ ಪ್ರಶ್ನೆ ಸರಿಯಾಗಿರಬೇಕು. ಗುರಿ ಎಲ್ಲಿರುತ್ತದೆ ಎಂದು ಕೇಳಬೇಡಿ, ಗುಂಡು ಅದನ್ನು ಎಷ್ಟು ಹೊತ್ತಿನಲ್ಲಿ ಸೇರುತ್ತದೆ ಎಂದು ಕೇಳಿ. ಸಮಯ ತಿಳಿದರೆ ಸ್ಥಳ ತಾನಾಗಿಯೇ ತಿಳಿಯುತ್ತದೆ. ಈ ಮಾತನ್ನು ಇಂದು ನಾನು ಹಲವು ಸಲ ಹೇಳಲಿದ್ದೇನೆ, ಈಗಲೇ ಕ್ಷಮೆ ಕೇಳಿಬಿಡುತ್ತೇನೆ.

ಒಂದು ಉದಾಹರಣೆಯನ್ನು ಹಲಗೆಯ ಮೇಲೆ ಬರೆಯೋಣ. ಟರೆಟ್ ಮೂಲಬಿಂದುವಿನಲ್ಲಿದೆ. ಶತ್ರು ಅದರ ನೇರ ಉತ್ತರಕ್ಕೆ 80 ಮೀಟರ್ ದೂರದಲ್ಲಿದ್ದು, ಪೂರ್ವದ ಕಡೆಗೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಓಡುತ್ತಿದೆ. ಗುಂಡಿನ ವೇಗ ಸೆಕೆಂಡಿಗೆ 50 ಮೀಟರ್. ಶತ್ರು ಈಗ ಇರುವಲ್ಲಿಗೇ ಗುರಿಯಿಟ್ಟರೆ ಗುಂಡು 1.6 ಸೆಕೆಂಡಿನಲ್ಲಿ ಆ ಜಾಗವನ್ನು ಮುಟ್ಟುತ್ತದೆ, ಅಷ್ಟರಲ್ಲಿ ಶತ್ರು 48 ಮೀಟರ್ ಮುಂದೆ ಹೋಗಿರುತ್ತದೆ.

ಇಲ್ಲಿ ಬುದ್ಧಿವಂತರು ಒಂದು ಹೆಜ್ಜೆ ಮುಂದಿಡುತ್ತಾರೆ. ಆ 48 ಮೀಟರನ್ನು ಸೇರಿಸಿಕೊಂಡು, ಅಂದರೆ (48, 80) ಎಂಬ ಬಿಂದುವಿಗೆ ಗುರಿಯಿಡುತ್ತಾರೆ. ಬೆಳಿಗ್ಗೆ ನಾನು ನೋಡಿದ ಒಳ್ಳೆಯ ಆಟಗಳಲ್ಲಿ ಇದೇ ಲೆಕ್ಕವಿತ್ತು. ಆದರೆ ಆ ಬಿಂದು ಟರೆಟ್‌ನಿಂದ 80 ಮೀಟರ್ ದೂರದಲ್ಲಿಲ್ಲ, 93 ಮೀಟರಿಗಿಂತ ತುಸು ಹೆಚ್ಚು ದೂರದಲ್ಲಿದೆ. ಗುಂಡು ಅಲ್ಲಿಗೆ ತಲುಪಲು ಸುಮಾರು 1.87 ಸೆಕೆಂಡು ಬೇಕು, ಆ ಹೊತ್ತಿಗೆ ಶತ್ರು ಸುಮಾರು 56 ಮೀಟರ್ ದಾಟಿರುತ್ತದೆ. ಎಂಟು ಮೀಟರ್ ಅಂತರದಲ್ಲಿ ಗುರಿ ತಪ್ಪಿತು. ಹಳೆಯ ದೂರದಿಂದ ಲೆಕ್ಕ ಹಾಕಿದ ಸಮಯವನ್ನು ಹೊಸ ಬಿಂದುವಿಗೆ ಅಂಟಿಸಿದ್ದೇ ಇಲ್ಲಿನ ದೋಷ. ಇದನ್ನು ಪತ್ತೆಹಚ್ಚುವುದು ಸುಲಭ: ಟರೆಟ್‌ನ ಕಡೆಗೆ ನೇರವಾಗಿ ಬರುವ ಶತ್ರುವಿಗೆ ಎಲ್ಲ ಗುಂಡುಗಳೂ ತಗಲುತ್ತವೆ, ಅಡ್ಡ ಹಾಯುವ ಶತ್ರುವಿನ ಹಿಂದೆ ಮಾತ್ರ ಒಂದೇ ಸಮನಾದ ಅಂತರದಲ್ಲಿ ಬೀಳುತ್ತವೆ.

ಈಗ ನನ್ನ ಪ್ರಶ್ನೆಯನ್ನು ಕೇಳೋಣ. ಸಮಯವನ್ನು t ಎನ್ನೋಣ. ಆ ಹೊತ್ತಿಗೆ ಶತ್ರು (30t, 80) ಬಿಂದುವಿನಲ್ಲಿರುತ್ತದೆ. ಗುಂಡು ಯಾವ ದಿಕ್ಕಿಗೆ ಹೋದರೂ ಟರೆಟ್‌ನಿಂದ 50t ದೂರದಲ್ಲಿರುತ್ತದೆ. ದಿಕ್ಕು ನಮಗಿನ್ನೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಇವೆರಡು ದೂರಗಳು ಸಮವಾಗುವ ಕ್ಷಣವನ್ನು ಹುಡುಕಿದರೆ ಸಾಕು. 900t² + 6400 = 2500t², ಆದ್ದರಿಂದ t² = 4, t = 2. ಎರಡು ಸೆಕೆಂಡಿನಲ್ಲಿ ಶತ್ರು (60, 80) ಬಿಂದುವಿನಲ್ಲಿರುತ್ತದೆ, ಅದು ಟರೆಟ್‌ನಿಂದ ಸರಿಯಾಗಿ 100 ಮೀಟರ್ ದೂರ. ಟರೆಟ್ ಉತ್ತರದಿಂದ ಪೂರ್ವಕ್ಕೆ ಸುಮಾರು 37 ಡಿಗ್ರಿ ತಿರುಗಬೇಕು. ಲಗೋರಿಯಲ್ಲಿ ಓಡುವ ಹುಡುಗನಿಗೆ ಚೆಂಡೆಸೆಯುವ ಮಕ್ಕಳು ಇದನ್ನು ಲೆಕ್ಕವಿಲ್ಲದೆಯೇ ಮಾಡುತ್ತಾರೆ. ಯಂತ್ರಕ್ಕೆ ಮಾತ್ರ ಪೈಥಾಗೊರಸ್ ಬೇಕಾಯಿತು.

ಯಂತ್ರದ ಮಾತು ಬಂದುದರಿಂದ ಒಂದು ಕಥೆಯನ್ನು ಹೇಳಲೇಬೇಕು. ನನ್ನನ್ನು ಬಲ್ಲವರು ಇದನ್ನು ಮೊದಲೇ ಕೇಳಿರುತ್ತೀರಿ. 1940ರ ವಸಂತದಲ್ಲಿ ಜರ್ಮನ್ ಸೇನೆ ಹಾಲೆಂಡ್, ಬೆಲ್ಜಿಯಂಗಳನ್ನು ದಾಟಿ ಫ್ರಾನ್ಸಿಗೆ ನುಗ್ಗುತ್ತಿದ್ದಾಗ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೇವಿಡ್ ಪಾರ್ಕಿನ್ಸನ್ ಎಂಬ ತರುಣ ಎಂಜಿನಿಯರ್ ದೂರವಾಣಿ ಕೆಲಸದ ಒಂದು ಉಪಕರಣವನ್ನು ರೂಪಿಸುತ್ತಿದ್ದ. ಕಾಗದದ ಪಟ್ಟಿಯ ಮೇಲೆ ವಿದ್ಯುತ್ ಸಂಕೇತದ ಮಟ್ಟವನ್ನು ದಾಖಲಿಸುವ ಆ ಲೇಖನಿಯನ್ನು, ತಿರುಗಿಸಿದಂತೆ ವೋಲ್ಟೇಜ್ ಬದಲಿಸುವ ಒಂದು ಪುಟ್ಟ ಪೊಟೆನ್ಷಿಯೋಮೀಟರ್ ನಿಯಂತ್ರಿಸುತ್ತಿತ್ತು. ಒಂದು ರಾತ್ರಿ ಅವನಿಗೆ ಕನಸು ಬಿತ್ತು. ಕನಸಿನಲ್ಲಿ ಅವನು ವಿಮಾನ ಹೊಡೆಯುವ ಫಿರಂಗಿಯೊಂದರ ಪಕ್ಕದಲ್ಲಿ ನಿಂತಿದ್ದ. ಫಿರಂಗಿ ಹಾರಿಸಿದ ಒಂದೊಂದು ಗುಂಡಿಗೂ ಒಂದೊಂದು ವಿಮಾನ ಉರುಳುತ್ತಿತ್ತು. ಫಿರಂಗಿಯವರಲ್ಲೊಬ್ಬ ನಕ್ಕು, ಹತ್ತಿರ ಬಾ ಎಂದು ಸನ್ನೆ ಮಾಡಿ, ನಳಿಗೆ ಏರಿಳಿಯುವ ಅಚ್ಚಿನ ತುದಿಯನ್ನು ತೋರಿಸಿದ. ಅಲ್ಲಿ ಕುಳಿತಿದ್ದುದು ಅವನದೇ ಉಪಕರಣದ ಪೊಟೆನ್ಷಿಯೋಮೀಟರ್! ಬೆಳಿಗ್ಗೆ ಎದ್ದಾಗ ಅವನಿಗೆ ಹೊಳೆದದ್ದು ಇಷ್ಟು: ಲೇಖನಿಯನ್ನು ನಡೆಸಬಲ್ಲದ್ದು ಫಿರಂಗಿಯನ್ನೂ ನಡೆಸಬಲ್ಲದು. ಆತ ಅದನ್ನು ತನ್ನ ಮೇಲಿನವನಾದ ಕ್ಲಾರೆನ್ಸ್ ಲೊವೆಲ್‌ಗೆ ಹೇಳಿದ, ಮುಂದೆ ಅದರಿಂದಲೇ, ಫಿರಂಗಿ ಎಲ್ಲಿಗೆ ಗುರಿಯಿಡಬೇಕೆಂದು ಲೆಕ್ಕ ಹಾಕುವ ಎಂ-9 ಎಂಬ ವಿದ್ಯುತ್ ನಿರ್ದೇಶಕ ಯಂತ್ರ ಹುಟ್ಟಿತು. ಕನಸನ್ನು ಮೇಲಧಿಕಾರಿಗೆ ಹೇಳುವ ಧೈರ್ಯವಿದ್ದ ಎಂಜಿನಿಯರನಿಗಿಂತ, ಅದನ್ನು ಕೂತು ಕೇಳಿದ ಮೇಲಧಿಕಾರಿಯೇ ನನಗೆ ಹೆಚ್ಚು ಅಪರೂಪದವನಾಗಿ ಕಾಣುತ್ತಾನೆ.

ಆ ಯಂತ್ರ ಪರಿಹರಿಸುತ್ತಿದ್ದುದೂ ನಮ್ಮ ಹಲಗೆಯ ಮೇಲಿನ ಸಮಸ್ಯೆಯನ್ನೇ, ಅಂದರೆ ಎಷ್ಟು ಹೊತ್ತಿಗೆ ಎಂಬುದನ್ನೇ. ಆದರೆ ನಿಜವಾದ ಗುಂಡು ಗಾಳಿಯಲ್ಲಿ ವೇಗ ಕಳೆದುಕೊಳ್ಳುತ್ತದೆ, ನೆಲದತ್ತ ಬಾಗುತ್ತದೆ, ಹಾಗಾಗಿ ಅದಕ್ಕೆ ನಮ್ಮಂತೆ ಒಂದೇ ಸಾಲಿನ ಸೂತ್ರ ದಕ್ಕುವುದಿಲ್ಲ. ಒಂದು ಸಮಯವನ್ನು ಊಹಿಸಿ, ಆಗ ಗುರಿ ಎಲ್ಲಿರುತ್ತದೆಂದು ನೋಡಿ, ಅಲ್ಲಿಗೆ ಗುಂಡು ಹೋಗಲು ಬೇಕಾಗುವ ಸಮಯದಿಂದ ಊಹೆಯನ್ನು ತಿದ್ದಿ, ಮತ್ತೆ ನೋಡಬೇಕು. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೆ 1.6ರ ನಂತರ 1.87, ಆಮೇಲೆ 1.95, ಆಮೇಲೆ 1.98 ಬರುತ್ತದೆ, ಎರಡರತ್ತ ಸಾಗುತ್ತದೆ. ಬುದ್ಧಿವಂತರು ಮೊದಲ ಹೆಜ್ಜೆಗೇ ನಿಂತುಬಿಟ್ಟರು ಎಂದೆನಲ್ಲ, ಅವರು ಇದೇ ಹೆಜ್ಜೆಯನ್ನು ಇನ್ನು ನಾಲ್ಕು ಸಲ ಇಟ್ಟಿದ್ದರೆ ಸಾಕಾಗಿತ್ತು. ಗುರಿಗಿಂತ ಗುಂಡು ವೇಗವಾಗಿರುವವರೆಗೆ ಈ ವಿಧಾನ ಉತ್ತರಕ್ಕೆ ತಲುಪಿಯೇ ತೀರುತ್ತದೆ. ಎರಡು ವೇಗಗಳೂ ಹತ್ತಿರ ಹತ್ತಿರವಾದಷ್ಟೂ ಅದು ಆಮೆಯಾಗಬಹುದು.

ಅಲ್ಲಿಂದಲೇ ನಿಜವಾದ ತೊಡಕು ಶುರುವಾಗುತ್ತದೆ. ಮೇಲಿನ ಸಮೀಕರಣವನ್ನು ಸಾಮಾನ್ಯ ರೂಪದಲ್ಲಿ ಬರೆದರೆ t² ಮುಂದೆ ನಿಲ್ಲುವುದು ಗುರಿಯ ವೇಗದ ವರ್ಗದಿಂದ ಗುಂಡಿನ ವೇಗದ ವರ್ಗವನ್ನು ಕಳೆದಾಗ ಬರುವ ವ್ಯತ್ಯಾಸ. ಗುಂಡು ವೇಗವಾಗಿದ್ದರೆ ಅದು ಋಣ ಸಂಖ್ಯೆ, ಆಗ ಧನ ಮೂಲ ಒಂದೇ ಇರುತ್ತದೆ, ಗೊಂದಲವಿಲ್ಲ. ಎರಡೂ ಸಮವಾದರೆ ಅದು ಸೊನ್ನೆ, ಪಠ್ಯಪುಸ್ತಕದ ಸೂತ್ರ ಸೊನ್ನೆಯಿಂದ ಭಾಗಿಸಲು ಹೋಗಿ ಆಟ ನಿಲ್ಲುತ್ತದೆ, ಇಲ್ಲವೇ ಟರೆಟ್ ಯಾವುದೋ ಮೂಲೆಗೆ ಮುಖ ಮಾಡಿ ನಿಲ್ಲುತ್ತದೆ. ಗುರಿಯೇ ವೇಗವಾಗಿದ್ದರೆ ಉತ್ತರವಿಲ್ಲದಿರಬಹುದು, ಇದ್ದರೆ ಎರಡಿರಬಹುದು. ಅದೇ ಶತ್ರು ಉತ್ತರಕ್ಕೆ 80 ಮೀಟರ್ ದೂರದ ಅದೇ ಸಾಲಿನಲ್ಲಿ 200 ಮೀಟರ್ ಪಶ್ಚಿಮಕ್ಕಿದ್ದು ಸೆಕೆಂಡಿಗೆ 60 ಮೀಟರಿನಂತೆ ಪೂರ್ವಕ್ಕೆ ಬರುತ್ತಿದ್ದರೆ, ಗುಂಡು ಅದನ್ನು ಎದುರಿನಿಂದ ಸುಮಾರು 2.1 ಸೆಕೆಂಡಿನಲ್ಲಿ ಸೇರಬಹುದು, ಅಥವಾ ಅದು ದಾಟಿಹೋಗುವ ದಾರಿಯಲ್ಲಿ ಮುಂಚಿತವಾಗಿ ಹೊರಟು ಸುಮಾರು 19.7 ಸೆಕೆಂಡಿನಲ್ಲಿ ಸೇರಬಹುದು. ಎರಡನೆಯ ಉತ್ತರ ಗಣಿತದಲ್ಲಿ ಸರಿ, ಆಟದಲ್ಲಿ ಹಾಸ್ಯಾಸ್ಪದ. ನಮಗೆ ಬೇಕಾದದ್ದು ಚಿಕ್ಕ ಧನ ಮೂಲ.

ಇದಕ್ಕಾಗಿ ಮೂರು ನಾಲ್ಕು if ಬರೆಯುವವರಿದ್ದಾರೆ. ಅದರ ಅಗತ್ಯವಿಲ್ಲ. ಮೂಲಗಳ ಸೂತ್ರವನ್ನು ತಲೆಕೆಳಗು ಮಾಡಿ, ಶೋಧಕದ ವರ್ಗಮೂಲವನ್ನು ಛೇದದಲ್ಲಿಟ್ಟರೆ ಎಲ್ಲ ಸಂದರ್ಭಗಳೂ ಒಂದೇ ಸಾಲಿಗೆ ಬರುತ್ತವೆ. ಇಲ್ಲಿ P ಎಂದರೆ ಟರೆಟ್‌ನಿಂದ ಗುರಿಯ ಸ್ಥಾನ, V ಗುರಿಯ ವೇಗ, s ಗುಂಡಿನ ವೇಗ.

```
c = dot(P, P)
b = 2 * dot(P, V)
D = b*b - 4 * (dot(V, V) - s*s) * c
if D < 0: return None
q = -b + sqrt(D)
if q <= 0: return None
t = 2 * c / q
aim = P + V * t
```

ವೇಗಗಳು ಸಮವಾದಾಗ ಇದು ತಾನಾಗಿಯೇ ರೇಖಾತ್ಮಕ ಸಮೀಕರಣದ ಉತ್ತರವನ್ನು ಕೊಡುತ್ತದೆ, ಎರಡು ಧನ ಮೂಲಗಳಿದ್ದಾಗ ಚಿಕ್ಕದನ್ನೇ ಆರಿಸುತ್ತದೆ. ಟರೆಟ್ ತಾನೂ ಚಲಿಸುತ್ತಿದ್ದು ಗುಂಡು ಅದರ ವೇಗವನ್ನೂ ಹೊತ್ತುಕೊಂಡು ಹೋಗುವಂತಿದ್ದರೆ, V ಜಾಗದಲ್ಲಿ ಸಾಪೇಕ್ಷ ವೇಗವನ್ನು ಇಡಿ, ಟರೆಟ್ ಕುಳಿತಲ್ಲಿಂದಲೇ ನೋಡಿದಾಗಿನ aim ದಿಕ್ಕು ಸಿಗುತ್ತದೆ.

ಇಷ್ಟಾದರೂ ಗುಂಡು ತಪ್ಪುತ್ತದೆ ಎಂದು ನೀವು ನಾಳೆ ಬಂದು ಹೇಳುತ್ತೀರಿ. ಆಗ ಸೂತ್ರವನ್ನು ಬೈಯಬೇಡಿ, ಅದಕ್ಕೆ ಕೊಟ್ಟ V ಯಾವುದೆಂದು ನೋಡಿ. ಹಿಂದಿನ ಫ್ರೇಮಿನ ಸ್ಥಾನವನ್ನು ಈಗಿನದರಿಂದ ಕಳೆದು ವೇಗ ಪಡೆಯುವುದು ರೂಢಿ. ಸೆಕೆಂಡಿಗೆ 60 ಫ್ರೇಮುಗಳಿರುವಾಗ ಸ್ಥಾನದಲ್ಲಿ ಹತ್ತು ಸೆಂಟಿಮೀಟರ್ ನಡುಗಿದರೂ ವೇಗದಲ್ಲಿ ಸೆಕೆಂಡಿಗೆ 6 ಮೀಟರ್ ದೋಷ ಸೇರುತ್ತದೆ, ಎರಡು ಸೆಕೆಂಡಿನ ಹಾರಾಟದಲ್ಲಿ ಅದು 12 ಮೀಟರಾಗುತ್ತದೆ. ಟರೆಟ್‌ನ ಮೂತಿ ಜ್ವರ ಬಂದಂತೆ ನಡುಗುತ್ತಿದ್ದರೆ ಕಾರಣ ಇದೇ. ಹಲವು ಫ್ರೇಮುಗಳ ಸರಾಸರಿ ತೆಗೆದರೆ ನಡುಕ ನಿಲ್ಲುತ್ತದೆ, ಆದರೆ ಗುರಿ ತಿರುಗಿದಾಗ ಟರೆಟ್ ಅದನ್ನು ತಡವಾಗಿ ಗಮನಿಸುತ್ತದೆ. ಈ ಕೊಡುಕೊಳ್ಳುವಿಕೆಯಿಂದ ಪಾರಾಗುವ ದಾರಿಯಿಲ್ಲ. ಯುದ್ಧಕಾಲದಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ಮತ್ತು ಎಂಜಿನಿಯರ್ ಜೂಲಿಯನ್ ಬಿಗೆಲೊ ಅಂಕುಡೊಂಕಾಗಿ ಹಾರುವ ವಿಮಾನವನ್ನು ಸಂಖ್ಯಾಶಾಸ್ತ್ರದಿಂದ ಊಹಿಸಲು ಹೊರಟರು. ಆ ಗಣಿತ ಮುಂದೆ ಬಹಳ ಕಡೆ ಉಪಯೋಗಕ್ಕೆ ಬಂದಿತಾದರೂ ಅವರ ಯಂತ್ರ ರಣರಂಗಕ್ಕೆ ಹೋಗಲಿಲ್ಲ.

ಹೋದದ್ದು ಎಂ-9. 1944ರ ಜೂನ್‌ನಿಂದ ಜರ್ಮನರು ಲಂಡನ್ನಿನ ಕಡೆಗೆ ವಿ-1 ಹಾರುಬಾಂಬುಗಳನ್ನು ಬಿಟ್ಟಾಗ, ಜುಲೈ ಮಧ್ಯದಲ್ಲಿ ಇಂಗ್ಲೆಂಡಿನ ಫಿರಂಗಿಗಳನ್ನು ಕಡಲತೀರಕ್ಕೆ ಸರಿಸಲಾಯಿತು. ರಾಡಾರ್, ಈ ನಿರ್ದೇಶಕ, ಗುರಿಯ ಹತ್ತಿರ ಬಂದೊಡನೆ ತಾನೇ ಸಿಡಿಯುವ ಫ್ಯೂಸು ಒಟ್ಟಾಗಿ ಕೆಲಸ ಮಾಡಿ ಬಾಂಬುಗಳನ್ನು ದೊಡ್ಡ ಸಂಖ್ಯೆಯಲ್ಲಿ ಉರುಳಿಸಿದವು. ಯಂತ್ರವನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ವಿ-1ರಲ್ಲಿ ಪೈಲಟ್ ಇರಲಿಲ್ಲ. ಗಂಟೆಗೆ ಸುಮಾರು 600 ಕಿಲೋಮೀಟರ್ ವೇಗದಲ್ಲಿ, ಒಂದೇ ಎತ್ತರದಲ್ಲಿ, ನೇರ ರೇಖೆಯಲ್ಲಿ ಅದು ಬರುತ್ತಿತ್ತು. ನಮ್ಮ ಸೂತ್ರ ಗುರಿಯಿಂದ ಬಯಸುವ ನಡತೆಯೆಲ್ಲ ಅದರಲ್ಲಿತ್ತು. ಪೈಲಟ್ ಇದ್ದ ವಿಮಾನ ಹಾಗೆ ನಡೆದುಕೊಳ್ಳುವುದಿಲ್ಲ. ಸೆಕೆಂಡಿಗೆ ಸೆಕೆಂಡಿಗೆ 5 ಮೀಟರ್ ವೇಗೋತ್ಕರ್ಷದಿಂದ ಅದು ಪಕ್ಕಕ್ಕೆ ಸರಿದರೂ ಎರಡು ಸೆಕೆಂಡಿನಲ್ಲಿ 10 ಮೀಟರ್, ನಾಲ್ಕು ಸೆಕೆಂಡಿನಲ್ಲಿ 40 ಮೀಟರ್ ತಪ್ಪುತ್ತದೆ. ಸಮಯ ಇಮ್ಮಡಿಯಾದರೆ ದೋಷ ನಾಲ್ಮಡಿ. ನೋಡಿ, ಮತ್ತೆ ಸಮಯಕ್ಕೇ ಬಂದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಆದ್ದರಿಂದ ಉಳಿದುದನ್ನು ಬೇಗ ಹೇಳುತ್ತೇನೆ. ನಿಮ್ಮ ಶತ್ರುಗಳು ಮೊದಲೇ ಹಾಕಿಟ್ಟ ದಾರಿಯಲ್ಲಿ ನಡೆಯುವವು, ತಿರುವಿನಲ್ಲಿ ತಿರುಗುವವು. ಅವುಗಳಿಗೆ ನೇರ ರೇಖೆಯ ಸೂತ್ರ ಹಚ್ಚಿದರೆ ತಿರುವಿನ ಬಳಿಯ ಗುಂಡುಗಳೆಲ್ಲ ದಾರಿಯಾಚೆ ಬೀಳುತ್ತವೆ. t ಸೆಕೆಂಡಿನ ನಂತರ ಶತ್ರು ದಾರಿಯಲ್ಲಿ ಎಲ್ಲಿರುತ್ತದೆಂದು ನಿಮಗೆ ಗೊತ್ತೇ ಇದೆಯಲ್ಲ, ಟರೆಟ್ ಮತ್ತು ಆ ಬಿಂದುವಿನ ನಡುವಿನ ನೇರ ದೂರದಿಂದ s*t ಕಳೆದು, ಫಲ ಧನದಿಂದ ಋಣಕ್ಕೆ ಬದಲಾಗುವ ಕ್ಷಣವನ್ನು ಅವಧಿಯನ್ನು ಅರ್ಧಿಸುತ್ತಾ ಹುಡುಕಿ. ಟರೆಟ್ ತಿರುಗಲು ಹಿಡಿಯುವ ಹೊತ್ತನ್ನೂ ಮರೆಯಬೇಡಿ: ಪ್ರತಿ ಫ್ರೇಮಿನಲ್ಲೂ ಹೊಸ aim ಲೆಕ್ಕ ಹಾಕಿ, ಮೂತಿ ಅದಕ್ಕೆ ಸರಿಹೊಂದಿದಾಗ ಮಾತ್ರ ಗುಂಡು ಹಾರಿಸಿ. ಗುಂಡು ಹೊರಡುವುದು ನಳಿಗೆಯ ತುದಿಯಿಂದ, ಟರೆಟ್‌ನ ನಡುವಿನಿಂದಲ್ಲ ಎಂಬುದು ಹತ್ತಿರದ ಗುರಿಗಳಲ್ಲಿ ಕಾಣಿಸುತ್ತದೆ. ಸೂತ್ರ None ಕೊಟ್ಟರೆ, ಅಥವಾ t ಗುಂಡಿನ ಆಯುಷ್ಯಕ್ಕಿಂತ ಹೆಚ್ಚಾಗಿದ್ದರೆ, ಟರೆಟ್ ಗುರಿಯನ್ನು ಕಣ್ಣಿನಿಂದ ಹಿಂಬಾಲಿಸುತ್ತಾ ಸುಮ್ಮನಿರಲಿ, ಇಲ್ಲವೇ ಪಟ್ಟಿಯಲ್ಲಿರುವ ಮುಂದಿನ ಶತ್ರುವಿಗೆ ಅದೇ ಲೆಕ್ಕ ಹಾಕಲಿ.