ಮೈನಸ್ ಸಾಲು ಮಾಯವಾದ ತಿಂಗಳು

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ವರ್ಷ ಬಳ್ಳಾರಿಯಲ್ಲೇ ಒಂದು ಇಂಟರ್‌ನೆಟ್ ಕಂಪನಿಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂತಿದ್ದವನು. ಬಿಲ್ ಹಿಡಿದುಕೊಂಡು ಸಿಟ್ಟಿನಿಂದ ಬರುವವರ ಮುಂದೆ ನಗುಮುಖ ಮಾಡುವುದೇ ನನ್ನ ಕೆಲಸವಾಗಿತ್ತು. ಈಗ ಆ ಕೆಲಸ ಬಿಟ್ಟಿದ್ದೇನೆ. ಆದರೂ ಓಣಿಯವರು ಬಿಲ್ ತಂದು ತೋರಿಸುವುದನ್ನು ಬಿಟ್ಟಿಲ್ಲ.

ಹೋದ ವರ್ಷ ಹೀಗೆ ಇಂಟರ್‌ನೆಟ್ ಬಿಲ್ ತಂದವರು ಕೌಲ್‌ಬಜಾರ್‌ನ ಒಬ್ಬ ಅಕ್ಕ. ಆರು ಮಿಷನ್ ಇಟ್ಟುಕೊಂಡು ಜೀನ್ಸ್ ಹೊಲಿಸುತ್ತಾರೆ. ಮನೆ ಮೇಲೆ, ಹೊಲಿಗೆ ಕೆಳಗೆ. "ತಮ್ಮಾ, ಕರಪತ್ರದಾಗ 399 ಅಂತ ಬರೆದಿದ್ರು. ಖಾತೆಯಿಂದ 1118 ಕಡಿದಾರ. ಶನಿವಾರ ಹುಡುಗರಿಗೆ ಬಟವಾಡೆ ಮಾಡಾಕ ಹೋದ್ರ ದುಡ್ಡು ಸಾಲ್ಲಿಲ್ಲ" ಅಂದರು. ಕಂಪನಿ ಯಾವುದು ಅನ್ನುವುದು ಇಲ್ಲಿ ಬೇಡ. ಬೇರೆ ಬೇರೆ ಹೆಸರಲ್ಲಿ ಎಷ್ಟೋ ಕಂಪನಿಗಳು ಇದನ್ನೇ ಮಾಡುತ್ತವೆ.

ಅವರ ಬಿಲ್‌ಗಳನ್ನೆಲ್ಲ ಟೇಬಲ್ ಮೇಲೆ ಸಾಲಾಗಿ ಹರಡಿದೆವು. ಆ ಬಿಲ್‌ಗಳನ್ನೇ ಇವತ್ತು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ಅಕ್ಕ ತೆಗೆದುಕೊಂಡದ್ದು 100 ಎಂಬಿಪಿಎಸ್ ವೇಗದ ಪ್ಲಾನ್. ಮೊದಲ ಮೂರು ತಿಂಗಳು 399, ಜೊತೆಗೆ ಸಿನಿಮಾ ನೋಡುವ ಒಂದು ಪ್ಯಾಕ್ ಮೂರು ತಿಂಗಳು ಫ್ರೀ. ಕರಪತ್ರದ ಕೆಳಗೆ, ಇರುವೆ ಸಾಲಿನಂತಹ ಅಕ್ಷರದಲ್ಲಿ, ಪ್ಲಾನಿನ ಮಾಮೂಲಿ ದರ 799, ಪ್ಯಾಕಿನ ದರ 149, ತೆರಿಗೆ ಪ್ರತ್ಯೇಕ ಅಂತ ಇತ್ತು. ಕನೆಕ್ಷನ್ ಆದದ್ದು ಜೂನ್ 12ಕ್ಕೆ. ಕಂಪನಿ ಬಿಲ್ ಹಾಕುವುದು ಪ್ರತಿ ತಿಂಗಳು 1ನೇ ತಾರೀಕು, ಅದೂ ಆ ತಿಂಗಳ ಬಾಡಿಗೆ ಮುಂಗಡವಾಗಿ.

ಮೊದಲ ಬಿಲ್ ಜುಲೈ 1ಕ್ಕೆ ಬಂತು. 769 ರೂಪಾಯಿ. ಯಾಕೆ ಅಷ್ಟು? ಜೂನ್ ತಿಂಗಳಲ್ಲಿ ಉಳಿದಿದ್ದ 19 ದಿನದ ಬಾಡಿಗೆ, ಅದರ ಮೇಲೆ ಜುಲೈ ಪೂರ್ತಿಯ ಮುಂಗಡ, ಎರಡೂ ಸೇರಿದ್ದವು. 252.70 ಮತ್ತು 399, ಅದಕ್ಕೆ ನೂರಕ್ಕೆ 18ರಂತೆ ಜಿಎಸ್‌ಟಿ. ಲೆಕ್ಕ ಸರಿಯಾಗೇ ಇದೆ. ಆದರೆ 399 ಅಂತ ಎಣಿಸಿಕೊಂಡವರ ಕೈಗೆ ಮೊದಲ ಸಲವೇ 769 ಬಂದರೆ ಹೇಗಿರುತ್ತದೆ ಹೇಳಿ. ಕೇಳಿದಾಗ "ಮೊದಲ ತಿಂಗಳು ಹಂಗೇ ಅಮ್ಮಾ, ಮುಂದೆ ಸರಿಹೋಗುತ್ತೆ" ಅಂದರಂತೆ. ಆಗಸ್ಟ್‌ನಲ್ಲಿ ಸರಿಯೂ ಹೋಯಿತು. 399ಕ್ಕೆ ತೆರಿಗೆ ಸೇರಿ 470.82.

ಸೆಪ್ಟೆಂಬರ್ 1ಕ್ಕೆ 881 ಬಂತು. ಮೊದಲ ಬಿಲ್ಲೂ ಸುಮಾರು ಹೀಗೇ ಇತ್ತಲ್ಲ, ಇದೂ ಅಂಥದ್ದೇ ಇರಬೇಕು ಅಂತ ಅಕ್ಕ ಸುಮ್ಮನಾದರು. ಅವರು ಮೋಸ ಹೋದದ್ದು ಇಲ್ಲೇ. ಜುಲೈನ ಬಿಲ್ ಏರಿದ್ದು ದಿನಗಳು ಜಾಸ್ತಿ ಇದ್ದದ್ದಕ್ಕೆ. ಸೆಪ್ಟೆಂಬರ್‌ನ ಬಿಲ್ ಏರಿದ್ದು ದರ ಜಾಸ್ತಿಯಾದದ್ದಕ್ಕೆ. ಮೂರು ತಿಂಗಳ ರಿಯಾಯಿತಿ ಸೆಪ್ಟೆಂಬರ್ 11ಕ್ಕೆ ಮುಗಿಯುತ್ತಿತ್ತು. ಹಾಗಾಗಿ 11 ದಿನಕ್ಕೆ ಹಳೇ ದರ, 19 ದಿನಕ್ಕೆ 799ರ ದರ, ಅದೇ 19 ದಿನಕ್ಕೆ ಸಿನಿಮಾ ಪ್ಯಾಕಿನ ದುಡ್ಡು. 146.30, 506.03, 94.37. ಮೇಲೆ ತೆರಿಗೆ. ಅಂದರೆ ದರ ಒಂದೇ ಏಟಿಗೆ ಏರಲಿಲ್ಲ, ಮಧ್ಯೆ ಒಂದು ಮೆಟ್ಟಿಲು ಹತ್ತಿ ಹೋಯಿತು. ಅಕ್ಟೋಬರ್‌ಗೆ ಪೂರ್ತಿ ಏರಿತು. 799ಕ್ಕೆ 149 ಸೇರಿ 948, ತೆರಿಗೆ ಕೂಡಿ 1118.64.

ಒಂದು ಮಾತು ಗಮನಿಸಿ. ಕರಪತ್ರದ ಆ 399ಕ್ಕೆ ಹತ್ತಿರದ ಬಿಲ್ಲನ್ನು ಅಕ್ಕ ನೋಡಿದ್ದು ಒಂದೇ ಒಂದು ಸಲ, ಆಗಸ್ಟ್‌ನಲ್ಲಿ. ಅದೂ 471 ರೂಪಾಯಿ.

ಈಗ ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಕೌಂಟರ್‌ಗೆ ಬಂದವರು ಯಾವಾಗಲೂ ಕೇಳುತ್ತಿದ್ದದ್ದು "ನನ್ನ ರೇಟ್ ಏರಿಸಿದ್ದು ಯಾರು?" ಅಂತ. ನಿಜ ಹೇಳಬೇಕಂದರೆ ಯಾರೂ ಏರಿಸುವುದಿಲ್ಲ. ನಿಮ್ಮ ಹೆಸರಲ್ಲಿ ಮೊದಲ ದಿನವೇ 799ರ ಪ್ಲಾನ್ ದಾಖಲಾಗಿರುತ್ತದೆ. 399ರ ಪ್ಲಾನ್ ಅನ್ನುವುದು ಆ ಕಂಪ್ಯೂಟರ್‌ನಲ್ಲಿ ಇರುವುದೇ ಇಲ್ಲ. 799ರ ಪಕ್ಕಕ್ಕೆ ಮೈನಸ್ 400 ಅಂತ ಇನ್ನೊಂದು ಸಾಲು ಹಾಕಿ, ಅದಕ್ಕೊಂದು ಕೊನೆಯ ತಾರೀಕು ಕೊಟ್ಟಿರುತ್ತೇವೆ. ಆ ದಿನ ಬಂತು ಅಂದರೆ ಮೈನಸ್ ಸಾಲು ತಾನೇ ಉದುರಿ ಹೋಗುತ್ತದೆ. ಯಾರೂ ಒಂದು ಗುಂಡಿಯನ್ನೂ ಒತ್ತುವುದಿಲ್ಲ. ಸಿನಿಮಾ ಪ್ಯಾಕಿನದ್ದೂ ಅದೇ ಕಥೆ. 149 ಒಂದು ಸಾಲು, ಮೈನಸ್ 149 ಇನ್ನೊಂದು.

ಹಾಗಾಗಿ ಮುಂದೆ ಎಷ್ಟು ಬರುತ್ತದೆ ಅನ್ನುವುದು ಮೊದಲ ಬಿಲ್ಲಿನಲ್ಲೇ ಇರುತ್ತದೆ. ಎಲ್ಲರೂ ನೋಡುವುದು ಮೇಲಿನ ದಪ್ಪ ಅಕ್ಷರದ ಮೊತ್ತವನ್ನು. ಎರಡನೇ ಪುಟಕ್ಕೆ ಹೋಗಿ. ಅಲ್ಲಿ ಎಲ್ಲಾ ಸಾಲು ಬಿಡಿಬಿಡಿಯಾಗಿ ಇರುತ್ತವೆ. ಮೈನಸ್ ಇರುವ ಸಾಲುಗಳ ಮೇಲೆ ಬೆರಳಿಟ್ಟು ಮುಚ್ಚಿ. ಉಳಿದದ್ದರಲ್ಲಿ ಪೂರ್ತಿ ತಿಂಗಳ ಸಾಲುಗಳನ್ನಷ್ಟೇ ಕೂಡಿಸಿ, ಅದರ ಮೇಲೆ 18 ಪರ್ಸೆಂಟ್ ಹಾಕಿ. ರಿಯಾಯಿತಿ ಪೂರ್ತಿ ಮುಗಿದ ಮೇಲೆ ಬರುವ ಬಿಲ್ ಅದೇ. ಅಕ್ಕನ ಜುಲೈ ಬಿಲ್ಲಿನಲ್ಲಿ ಜುಲೈ ತಿಂಗಳ ಸಾಲುಗಳಿಗಷ್ಟೇ ಹೀಗೆ ಮಾಡಿದೆವು, ಕರೆಕ್ಟಾಗಿ 1118.64 ಬಂತು. ಅಕ್ಕ ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಲ್ಲೇ ಇತ್ತಲ್ಲ ತಮ್ಮಾ" ಅಂದರು.

ಬಿಲ್ ಏರಿದ್ದಕ್ಕೆ ಕಾರಣ ಬೇರೆ ಇದ್ದರೂ ಇದೇ ಪುಟ ಹೇಳುತ್ತದೆ. ಬಾಡಿಗೆ ಸಾಲು ಮೊದಲಿನಷ್ಟೇ ಇದ್ದು ಮೈನಸ್ ಸಾಲು ಮಾತ್ರ ಕಾಣೆಯಾಗಿದ್ದರೆ ರಿಯಾಯಿತಿ ಮುಗಿದಿದೆ ಅಂತ ಅರ್ಥ. ಬಾಡಿಗೆಯ ಅಂಕಿಯೇ ಬದಲಾಗಿದ್ದರೆ ಕಂಪನಿ ದರ ಏರಿಸಿದೆ, ಇಲ್ಲವೇ ನಿಮ್ಮನ್ನು ಬೇರೆ ಪ್ಲಾನಿಗೆ ಹಾಕಿದೆ. ಆಗ ಜಗಳದ ದಾರಿಯೇ ಬೇರೆ. ರಿಯಾಯಿತಿ ಮುಗಿದದ್ದಕ್ಕೆ ಹೋಗಿ "ಯಾಕೆ ರೇಟ್ ಏರಿಸಿದಿರಿ" ಅಂದರೆ "ಏರಿಸಿಲ್ಲ ಸಾರ್" ಅನ್ನುತ್ತಾರೆ. ಅವರ ಮಾತು ಕಾಗದದ ಮೇಲೆ ನಿಜವೂ ಹೌದು.

ಮೂರು ತಿಂಗಳು ಅನ್ನುವುದರಲ್ಲೂ ಒಂದು ಗೊಂದಲ ಇದೆ. ಕೆಲವು ಕಡೆ ತಾರೀಕಿನಿಂದ ತಾರೀಕಿಗೆ ಎಣಿಸುತ್ತಾರೆ, ಅಕ್ಕನ ಹಾಗೆ. ಕೆಲವು ಕಡೆ ಮೂರು ಬಿಲ್ ಅಂತ ಎಣಿಸುತ್ತಾರೆ. ಕನೆಕ್ಷನ್ ಕೊಟ್ಟ ದಿನವೇ ಆ ತಿಂಗಳ ಉಳಿದ ದಿನಗಳಿಗೆ ಬೇರೆ ಬಿಲ್ ಹಾಕುವ ಕಂಪನಿಯಾದರೆ ಆ ಅರ್ಧಂಬರ್ಧ ಬಿಲ್ಲೇ ಮೊದಲನೆಯದು. ಅಕ್ಕನಿಗೆ ಹಾಗೆ ಆಗಿದ್ದರೆ ರಿಯಾಯಿತಿ ಆಗಸ್ಟ್ 31ಕ್ಕೇ ಮುಗಿದು 11 ದಿನ ನಷ್ಟವಾಗುತ್ತಿತ್ತು. ಕನೆಕ್ಷನ್ ತೆಗೆದುಕೊಳ್ಳುವಾಗ "ರಿಯಾಯಿತಿ ಯಾವ ತಾರೀಕಿಗೆ ಮುಗಿಯುತ್ತೆ?" ಅಂತ ಕೇಳಿ, ಉತ್ತರವನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ.

ಕಂಪನಿಗೆ ಇದರಿಂದ ಏನು ಲಾಭ? ಕಂಬದಿಂದ ಮನೆಗೆ ಫೈಬರ್ ಎಳೆಯಬೇಕು, ಡಬ್ಬಿ ಕೂರಿಸಬೇಕು, ಹುಡುಗನಿಗೆ ಕೂಲಿ, ಗಿರಾಕಿ ತಂದವನಿಗೆ ಕಮಿಷನ್. ಮೊದಲ ಮೂರು ತಿಂಗಳ 399ರಲ್ಲಿ ಇದು ಹುಟ್ಟುವುದು ಕಷ್ಟ. ಆದರೆ ಮೂರು ತಿಂಗಳಲ್ಲಿ ಟಿವಿಗೆ ಅದೇ ವೈಫೈ, ಕ್ಯಾಮೆರಾಕ್ಕೆ ಅದೇ, ಮಕ್ಕಳ ಫೋನಿಗೆ ಅದೇ. ಬಿಡಿಸುವುದು ತಲೆನೋವು ಅಂತ ಜನ ಇದ್ದುಬಿಡುತ್ತಾರೆ. ಕಂಪನಿ ಲೆಕ್ಕ ಹಾಕುವುದು ವರ್ಷಕ್ಕೆ, ನಾವು ಹಾಕುವುದು ತಿಂಗಳಿಗೆ. ತೆರಿಗೆ ಬಿಟ್ಟು ನೋಡಿ: ಮೂರು ತಿಂಗಳಿಗೆ 1197, ಒಂಬತ್ತು ತಿಂಗಳಿಗೆ 7191, ಒಟ್ಟು 8388. ತಿಂಗಳಿಗೆ ಸರಾಸರಿ 699 ಬಿತ್ತು. ಪಕ್ಕದ ಕಂಪನಿಯವನು ಯಾವ ಆಟವೂ ಇಲ್ಲದೆ 649 ಅಂದಿದ್ದರೆ ಅವನೇ ಅಗ್ಗ. ಆದರೆ ಅವನ ಬೋರ್ಡು ಯಾರ ಕಣ್ಣಿಗೂ ಬೀಳುವುದಿಲ್ಲ, 399ರ ಮುಂದೆ ಸಪ್ಪೆ ಅನಿಸುತ್ತದೆ.

ಇದನ್ನು ಹೇಳಿದಾಗ ಅಕ್ಕ ನಕ್ಕುಬಿಟ್ಟರು. ಹೊಸ ವ್ಯಾಪಾರಿ ಬಂದರೆ ಅವರೂ ಮೊದಲ ಲಾಟಿಗೆ ಪ್ಯಾಂಟಿಗೆ ಐದು ರೂಪಾಯಿ ಕಡಿಮೆ ಮಾಡುತ್ತಾರಂತೆ. "ಆದ್ರ ನಾನು ಚಲನ್ನಿನ ಮ್ಯಾಲೆ ಬರೀತೀನಿ, ಈ ಲಾಟಿಗೆ ಮಾತ್ರ ಅಂತ, ದೊಡ್ಡದಾಗಿ" ಅಂದರು. ನನಗೆ ಇದು ಸರಿಯಾದ ಮಾತು ಅನಿಸಿತು. ಮೊದಲಿಗೆ ಕಡಿಮೆ ದರ ಕೊಡುವುದು ತಪ್ಪಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ವರಸೆಗಳ ಪಟ್ಟಿ ಇದೆ. ಬೆಲೆಯನ್ನು ಮೊದಲು ಮುಚ್ಚಿಟ್ಟು ಆಮೇಲೆ ಸೇರಿಸುವುದು, ಚಂದಾ ಬಿಡಿಸಲು ಆಗದಂತೆ ಸುತ್ತಾಡಿಸುವುದು, ಎರಡೂ ಅದರಲ್ಲಿವೆ. ಮುಂದಿನ ದರವನ್ನು ನಿಮಗೆ ಎಲ್ಲೂ ತೋರಿಸಿಯೇ ಇಲ್ಲ ಅಂದರೆ ದೂರು ಕೊಡಬಹುದು. ಮೊದಲು ಕಂಪನಿಗೆ ದೂರು ಕೊಟ್ಟು ನಂಬರ್ ಪಡೆಯಿರಿ, ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ವಿಭಾಗ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಚಿಕ್ಕ ಅಕ್ಷರದಲ್ಲಿ ಬರೆದಿದ್ದಾರೆ ಅಂದರೆ ವಾದ ಸ್ವಲ್ಪ ಕಷ್ಟ.

ಇನ್ನು ಖಾತೆಯಿಂದ ಕಡಿದ ವಿಷಯ. ಅಕ್ಕ ಆಟೋಪೇಗೆ ಒಪ್ಪಿಗೆ ಕೊಟ್ಟಿದ್ದರು. ತಿಂಗಳು ತಿಂಗಳು ಮೊತ್ತ ಬದಲಾಗುವ ಬಿಲ್‌ಗೆ ಒಪ್ಪಿಗೆ ಕೊಡುವಾಗ ಗರಿಷ್ಠ ಎಷ್ಟು ಅಂತ ಹಾಕುತ್ತೇವೆ. ಅವರ ಮಗ 2000 ಅಂತ ಹಾಕಿದ್ದ. 15,000 ರೂಪಾಯಿ ತನಕದ ಇಂಥ ಪಾವತಿಗೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಪ್ರತಿ ಸಲ ಒಟಿಪಿ ಬೇಕಿಲ್ಲ. ದುಡ್ಡು ಹೋಗುವ 24 ಗಂಟೆ ಮೊದಲು ಮೆಸೇಜ್ ಬರಬೇಕು ಅಷ್ಟೇ. ಮೆಸೇಜ್ ಬಂದಿತ್ತು, ಮಗನ ಫೋನಿಗೆ. ಅವನು ಮಿಷನ್ ಮೇಲಿದ್ದ. ಆ ಗರಿಷ್ಠ ಮೊತ್ತವನ್ನು 500 ಅಂತ ಇಟ್ಟಿದ್ದರೆ ಸೆಪ್ಟೆಂಬರ್‌ನ 881 ಅಲ್ಲೇ ನಿಲ್ಲುತ್ತಿತ್ತು, ಬಿಲ್ ಏರಿದ್ದು ಅವತ್ತೇ ಗೊತ್ತಾಗುತ್ತಿತ್ತು. ಮೊದಲ 769 ಮಾತ್ರ ಕೈಯಾರೆ ಕಟ್ಟಬೇಕಾಗುತ್ತಿತ್ತು. ಒಂದು ಎಚ್ಚರ: ಆಟೋಪೇ ನಿಂತರೆ ಬಿಲ್ ನಿಲ್ಲುವುದಿಲ್ಲ. ಕೊನೆಯ ದಿನ ದಾಟಿದರೆ ತಡದ ಶುಲ್ಕ ಬೀಳುತ್ತದೆ.

ಅಕ್ಕ ಕಂಪನಿಗೆ ಫೋನ್ ಮಾಡಿ ಬಿಡಿಸುತ್ತೇನೆ ಅಂದ ತಕ್ಷಣ ಆ ಕಡೆಯವರ ಧ್ವನಿ ಮೆತ್ತಗಾಯಿತು. ಇನ್ನೂ ಮೂರು ತಿಂಗಳು 200 ಕಡಿಮೆ ಮಾಡುತ್ತೇವೆ ಅಂದರು. ಅಂದರೆ ಇನ್ನೊಂದು ಮೈನಸ್ ಸಾಲು, ಇನ್ನೊಂದು ಕೊನೆಯ ತಾರೀಕು. ಬೇಡ ಅಂತ ಅಕ್ಕನ ಕೈಲಿ ಹೇಳಿಸಿದೆ. ಹೊಲಿಗೆ ಮನೆಗೆ 100 ಎಂಬಿಪಿಎಸ್ ಯಾಕೆ? 40 ಎಂಬಿಪಿಎಸ್‌ನ 449ರ ಪ್ಲಾನ್ ಇತ್ತು, ರಿಯಾಯಿತಿ ಗಿಯಾಯಿತಿ ಏನೂ ಇಲ್ಲದ್ದು. ಪ್ಲಾನ್ ಬದಲಾವಣೆ ಮುಂದಿನ ಬಿಲ್ಲಿನಿಂದ ಜಾರಿಗೆ ಬರುತ್ತದೆ, ಆದ್ದರಿಂದ ಬಿಲ್ ಹಾಕುವ ಮೊದಲೇ ಹೇಳಬೇಕು. ಅಕ್ಟೋಬರ್ 25ಕ್ಕೆ ಹೇಳಿದರು. ಸಿನಿಮಾ ಪ್ಯಾಕ್ ಬೇಡ ಅಂತ ಬೇರೆಯಾಗಿ ಹೇಳಬೇಕಾಯಿತು, ಪ್ಲಾನ್ ಇಳಿಸಿದರೆ ಅದು ತಾನಾಗೇ ಹೋಗುವುದಿಲ್ಲ. ಅಕ್ಟೋಬರ್‌ನ ದುಡ್ಡು ಮುಂಗಡ ಕಟ್ಟಿದ್ದು, ವಾಪಸ್ ಬರಲಿಲ್ಲ.

ನವೆಂಬರ್ 1ಕ್ಕೆ 529.82 ಬಂತು. ಅಕ್ಕ ಬಿಲ್ಲಿನ ಎರಡನೇ ಪುಟದ ಫೋಟೋ ನನಗೆ ಕಳಿಸಿದ್ದರು. ಮೈನಸ್ ಇರುವ ಸಾಲು ಒಂದೂ ಇರಲಿಲ್ಲ.

ನಿಮ್ಮಲ್ಲಿ ಯಾರಾದರೂ ಬಿಲ್ ತಂದಿದ್ದರೆ ಮುಂದೆ ಬನ್ನಿ, ಕೂತು ನೋಡೋಣ.