ಚಿತ್ರ ಹೇಳದೆ ಬಿಟ್ಟದ್ದು: ಫೋಟೊ ಮತ್ತು ಅಡಿಬರಹವನ್ನು ಒಟ್ಟಿಗೆ ಆರಿಸುವುದು

ಮಾನ್ಯರೆ,

ಮಳೆಗಾಲದ ದಿನಗಳಲ್ಲಿ ಕನ್ನಡ ಪತ್ರಿಕೆಗಳನ್ನು ಓದುವವರೆಲ್ಲ ವರ್ಷ ವರ್ಷವೂ ಕಾಣುವ ಒಂದು ಚಿತ್ರವಿದೆ. ಅಣೆಕಟ್ಟೆಯ ಗೇಟ್‌ಗಳು ಸಾಲಾಗಿ ತೆರೆದಿರುತ್ತವೆ, ನೀರು ಬೆಳ್ಳನೆಯ ನೊರೆಯಾಗಿ ಧುಮ್ಮಿಕ್ಕುತ್ತಿರುತ್ತದೆ, ಕೆಳಗೆ ‘ಜಲಾಶಯದಿಂದ ನೀರು ಹೊರಬಿಡುತ್ತಿರುವ ದೃಶ್ಯ ಕಣ್ಮನ ಸೆಳೆಯುತ್ತಿದೆ’ ಎಂಬ ಸಾಲಿರುತ್ತದೆ. 2024ರ ಆಗಸ್ಟ್ 11ರ ಭಾನುವಾರ ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯದ ಎದುರು ನಿಂತು ದೂರದಿಂದ ಫೋಟೊ ತೆಗೆದಿದ್ದರೆ ಅದೂ ನೋಟಕ್ಕೆ ಇಂಥದೇ ಚಿತ್ರವಾಗಿರುತ್ತಿತ್ತು. ಆದರೆ ಹಿಂದಿನ ರಾತ್ರಿ ಅಲ್ಲಿನ 19ನೇ ಕ್ರಸ್ಟ್‌ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು. ಅಣೆಕಟ್ಟೆಯ ಮೇಲಿನ ಒತ್ತಡವನ್ನು ತಗ್ಗಿಸಲು ಇತರ ಗೇಟ್‌ಗಳನ್ನೂ ತೆರೆದು ನೀರು ಬಿಡಬೇಕಾಗಿತ್ತು. ಬೇರೆ ವರ್ಷಗಳಲ್ಲಿ ಹೆಚ್ಚಾದ ನೀರು ಹೊರಹೋಗುತ್ತಿದ್ದ ದಾರಿಯಲ್ಲೇ ಆ ದಿನ ಬೆಳೆಗೆಂದು ಕೂಡಿಟ್ಟ ನೀರು ಹೋಗುತ್ತಿತ್ತು. ಎರಡು ಸಂದರ್ಭಗಳಲ್ಲೂ ನೊರೆಯ ಬಣ್ಣ ಒಂದೇ. ಈ ವ್ಯತ್ಯಾಸವನ್ನು ಓದುಗನಿಗೆ ತಿಳಿಸಬಲ್ಲದ್ದು ಅಡಿಬರಹ ಮಾತ್ರ.

ಪುಟ ಕಟ್ಟುವ ಮೇಜಿನಲ್ಲಿ ಸಾಮಾನ್ಯವಾಗಿ ಮೊದಲು ಚಿತ್ರವನ್ನು ಆರಿಸಿ, ಆಮೇಲೆ ಉಳಿದ ಜಾಗಕ್ಕೆ ಎರಡು ಸಾಲು ಬರೆಯುತ್ತಾರೆ. ನನ್ನ ಅನುಭವದಲ್ಲಿ ಬಹುಪಾಲು ಬಡ ಅಡಿಬರಹಗಳು ಹುಟ್ಟುವುದು ಈ ಕ್ರಮದಿಂದಲೇ. ಚಿತ್ರವನ್ನು ಅದರ ಸೊಗಸಿಗಾಗಿ ಆರಿಸಿ ಮುಗಿಸಿದ ಮೇಲೆ, ಬರೆಯುವವರು ಕಣ್ಣಿಗೆ ಕಾಣುವುದನ್ನೇ ಪದಗಳಲ್ಲಿ ಮತ್ತೊಮ್ಮೆ ಹೇಳುತ್ತಾರೆ. ‘ತುಂಗಭದ್ರಾ ಜಲಾಶಯದಿಂದ ನೀರು ಧುಮ್ಮಿಕ್ಕುತ್ತಿರುವ ದೃಶ್ಯ’ ಎಂಬ ಸಾಲನ್ನೇ ತೆಗೆದುಕೊಳ್ಳಿ. ಇದರಲ್ಲಿ ಚಿತ್ರಕ್ಕಿಂತ ಹೆಚ್ಚಿನದಾಗಿ ಬಂದಿರುವುದು ಜಲಾಶಯದ ಹೆಸರೊಂದೇ. ನೀರು, ಧುಮ್ಮಿಕ್ಕುವಿಕೆ ಎರಡನ್ನೂ ಕಣ್ಣು ಆಗಲೇ ಕಂಡಿದೆ. ‘ದೃಶ್ಯ’ ಎಂಬ ಪದವನ್ನಂತೂ ಯಾವ ಅಡಿಬರಹದಿಂದಲಾದರೂ ತೆಗೆದುಹಾಕಬಹುದು.

ಹಾಗಾಗಿ ನಾನು ಅನುಸರಿಸುವ ಕ್ರಮ ಬೇರೆ. ಮೊದಲು ಚಿತ್ರವನ್ನು ನೋಡಿ, ವಿಷಯ ತಿಳಿಯದ ಓದುಗನೊಬ್ಬ ಏನು ಕೇಳಬಹುದು ಎಂಬುದನ್ನು ಗುರುತು ಮಾಡಿಕೊಳ್ಳುತ್ತೇನೆ. ಯಾವ ಅಣೆಕಟ್ಟೆ, ಯಾವ ದಿನ, ನೀರನ್ನು ಬಿಟ್ಟದ್ದೋ ತಾನಾಗಿ ಹೋದದ್ದೋ, ಏಕೆ? ಈ ಪ್ರಶ್ನೆಗಳ ಉತ್ತರಗಳನ್ನಷ್ಟೇ ಬಳಸಿ ಬರೆದರೆ ಸಾಲು ಹೀಗಾಗುತ್ತದೆ: ‘ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ ಗೇಟ್ ಶನಿವಾರ (ಆ. 10) ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋದದ್ದರಿಂದ, ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಭಾನುವಾರ ಇತರ ಗೇಟ್‌ಗಳಿಂದಲೂ ನೀರು ಬಿಡಲಾಯಿತು.’ ಇದನ್ನು ಬರೆದ ಮೇಲೆ ಮತ್ತೆ ಚಿತ್ರದ ಕಡೆಗೆ ಹೋಗುತ್ತೇನೆ, ಏಕೆಂದರೆ ಆಯ್ಕೆ ಇನ್ನೂ ಮುಗಿದಿರುವುದಿಲ್ಲ.

ಮೇಜಿನ ಮೇಲೆ ಮೂರು ಚಿತ್ರಗಳಿವೆ ಎಂದಿಟ್ಟುಕೊಳ್ಳೋಣ. ಒಂದು, ಇಡೀ ಅಣೆಕಟ್ಟೆಯನ್ನು ದೂರದಿಂದ ತೆಗೆದದ್ದು. ಇನ್ನೊಂದು, ಗೇಟ್ ಇಲ್ಲದ 19ನೇ ಕಿಂಡಿಯನ್ನು ಹತ್ತಿರದಿಂದ ಹಿಡಿದದ್ದು. ಮೂರನೆಯದು ಕಾಲುವೆಯಂಚಿನ ಗದ್ದೆಯಲ್ಲಿ ನಿಂತ ರೈತನದು. ಒಂದೊಂದೂ ಬೇರೆ ಬೇರೆ ಮಾತನ್ನು ಕೇಳುತ್ತದೆ. ಹತ್ತಿರದ ಚಿತ್ರ ಗೇಟ್ ಇಲ್ಲದ್ದನ್ನು ತಾನೇ ತೋರಿಸಿಬಿಡುವುದರಿಂದ, ಅಡಿಬರಹ ಆ ಮಾತನ್ನು ಬಿಟ್ಟು, ತುಂಡಾದದ್ದು ಸರಪಳಿ ಎಂಬ ಕಾರಣವನ್ನೂ ಆ ಕಿಂಡಿಯ ಗಾತ್ರವನ್ನೂ ಹೇಳಬೇಕು. 60 ಅಡಿ ಅಗಲ, 20 ಅಡಿ ಎತ್ತರ ಎಂದು ತಿಳಿಯದೆ, ಪಕ್ಕದಲ್ಲಿ ಮನುಷ್ಯರಿಲ್ಲದ ಆ ಚಿತ್ರದಲ್ಲಿ ಅವಘಡದ ಪ್ರಮಾಣ ಗೊತ್ತಾಗುವುದಿಲ್ಲ. ದೂರದ ಚಿತ್ರವನ್ನು ಆರಿಸಿದರೆ, ಯಾವುದು 19ನೇ ಗೇಟ್ ಎಂದು ಓದುಗನ ಕಣ್ಣಿಗೆ ದಾರಿ ತೋರಿಸಬೇಕು. ಗೇಟ್‌ಗಳನ್ನು ಯಾವ ದಂಡೆಯಿಂದ ಎಣಿಸುತ್ತಾರೆ ಎಂಬುದನ್ನು ಎಂಜಿನಿಯರರಿಂದ ಖಚಿತಪಡಿಸಿಕೊಳ್ಳದೆ ‘ಎಡದಿಂದ 19ನೆಯದು’ ಎಂದು ಬರೆಯುವಂತಿಲ್ಲ. ಅಲ್ಲಿರುವುದು 33 ಗೇಟ್‌ಗಳು. ಒಂದು ಕಡೆಯಿಂದ 19ನೆಯದಾದದ್ದು ಇನ್ನೊಂದು ಕಡೆಯಿಂದ 15ನೆಯದಾಗುತ್ತದೆ, ಹೇಗೆ ಎಣಿಸಿದರೂ ಅದು ನಡುವಿಗೆ ಹತ್ತಿರ. ಆದ್ದರಿಂದ ಖಚಿತತೆ ದೊರೆಯದಿದ್ದಾಗ ‘ಮಧ್ಯಭಾಗದಲ್ಲಿರುವ 19ನೇ ಗೇಟ್’ ಎಂದರೆ ಸುಳ್ಳಾಗುವುದಿಲ್ಲ.

ರೈತನ ಚಿತ್ರ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುತ್ತದೆ. ಅದು ಅದೇ ವಾರದ್ದಲ್ಲದೆ ಹಿಂದಿನ ಯಾವುದೋ ಬರಗಾಲದ್ದಾಗಿದ್ದರೆ ‘ಸಂಗ್ರಹ ಚಿತ್ರ’ ಎಂಬ ಎರಡು ಪದಗಳನ್ನು ಬಿಡುವಂತಿಲ್ಲ. ಅದೇ ವಾರದ್ದೇ ಆಗಿದ್ದರೂ ‘ಆತಂಕದಲ್ಲಿರುವ ರೈತ’ ಎಂದು ಬರೆಯುವ ಮೊದಲು ಆತನನ್ನು ಮಾತನಾಡಿಸಿರಬೇಕು. ಮುಖ ಬಿಸಿಲಿಗೂ ಸುಕ್ಕುಗಟ್ಟುತ್ತದೆ. ಆತ ನಾಟಿ ಮುಗಿಸಿದ್ದಾನೆಯೇ, ಎಷ್ಟು ಎಕರೆ, ಆ ಗದ್ದೆಗೆ ಯಾವ ಕಾಲುವೆಯ ನೀರು ಎಂಬುದನ್ನು ಕೇಳಿ ಬರೆದರೆ, ‘ಆತಂಕ’ ಎಂಬ ಪದವಿಲ್ಲದೆಯೂ ಓದುಗನಿಗೆ ಅದು ತಲುಪುತ್ತದೆ.

ಇಲ್ಲಿ ಅಮೆರಿಕದ ಒಂದು ಪ್ರಸಿದ್ಧ ಚಿತ್ರವನ್ನು ನೆನೆಯಬೇಕು. 1936ರ ಮಾರ್ಚ್‌ನಲ್ಲಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿ, ಬಟಾಣಿ ಕೀಳುವ ಕೂಲಿಕಾರರ ಬಿಡಾರದಲ್ಲಿ, ಕೆನ್ನೆಗೆ ಕೈಯಿಟ್ಟು ಕುಳಿತ ತಾಯಿಯೊಬ್ಬಳ ಚಿತ್ರ ತೆಗೆದರು. ಆಕೆಗೆ 32 ವರ್ಷ, ಏಳು ಮಕ್ಕಳ ತಾಯಿ ಎಂದು ಅದರ ಅಡಿಬರಹ ಹೇಳಿತು. ಆ ಮುಖವನ್ನು ನೋಡಿ ವಯಸ್ಸು 32 ಎಂದು ಯಾರೂ ಊಹಿಸಲಾರರು, ಮತ್ತು ಆ ಚೌಕಟ್ಟಿನಲ್ಲಿ ಏಳು ಮಕ್ಕಳಿಲ್ಲ. ಆ ಎರಡು ಅಂಕಿಗಳು ಚಿತ್ರಕ್ಕೆ ಸಾಧ್ಯವಾಗದ್ದನ್ನು ಮಾಡಿದವು. ಆದರೆ ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿಯಲು 1978ರವರೆಗೆ ಕಾಯಬೇಕಾಯಿತು. ಆ ಕುಟುಂಬ ಊಟಕ್ಕಾಗಿ ಕಾರಿನ ಟೈರುಗಳನ್ನು ಮಾರಿತ್ತು ಎಂದು ಲ್ಯಾಂಗ್ 1960ರಲ್ಲಿ ಬರೆದರು. ಕುಟುಂಬದವರು ಅದನ್ನು ಅಲ್ಲಗಳೆದರು. ಚಿತ್ರದ ಮೇಲೆ ಓದುಗನಿಗಿರುವ ನಂಬಿಕೆಯೆಲ್ಲ ಅದರ ಜೊತೆಗಿರುವ ಪದಗಳಿಗೂ ಹರಿಯುವುದರಿಂದ, ನೆನಪಿನಿಂದ ಸೇರಿಸಿದ ಒಂದು ವಿವರವೂ ಚಿತ್ರದಷ್ಟೇ ನಿಜವೆಂದು ನಿಂತುಬಿಡುತ್ತದೆ. ಇಂಥ ವಿವರಗಳನ್ನು ಚಿತ್ರ ತೆಗೆದ ಸ್ಥಳದಲ್ಲೇ, ಆ ವ್ಯಕ್ತಿಯ ಎದುರೇ ಬರೆದುಕೊಳ್ಳಬೇಕೆಂದು ನಾನು ಛಾಯಾಗ್ರಾಹಕರನ್ನು ಒತ್ತಾಯಿಸುವುದು ಇದಕ್ಕಾಗಿ.

ಮತ್ತೆ ತುಂಗಭದ್ರೆಗೆ ಬರೋಣ. ಆಗಸ್ಟ್ 16ರಂದು ಹರಿಯುವ ನೀರಿನಲ್ಲೇ, ಗೇಟಿನ ಬದಲಿಗೆ ತಾತ್ಕಾಲಿಕವಾಗಿ ಕೂರಿಸುವ ಉಕ್ಕಿನ ತಡೆಯಾದ ಸ್ಟಾಪ್‌ಲಾಗ್‌ನ ಮೊದಲ ಭಾಗವನ್ನು ಇಳಿಸಲಾಯಿತು. ಒಂದರ ಮೇಲೊಂದರಂತೆ ಕೂರಬೇಕಾದ ಭಾಗಗಳು ಒಟ್ಟು ಐದು. ಉಕ್ಕಿನ ತೊಲೆಯೊಂದು ಕಿಂಡಿಗೆ ಇಳಿಯುತ್ತಿರುವ ಚಿತ್ರ ಎಷ್ಟೇ ಚೆನ್ನಾಗಿದ್ದರೂ, ಅದು ಕೊನೆಯ ತೊಲೆಯೆಂದೇ ನೋಡುವವರಿಗೆ ತೋರೀತು. ‘ಐದು ಭಾಗಗಳಲ್ಲಿ ಮೊದಲನೆಯದು’ ಎಂಬ ಮೂರು ಪದಗಳು ಸೇರಿದಾಗ, ಕೆಲಸ ಇನ್ನೂ ಬಾಕಿಯಿದೆ, ನೀರು ಇನ್ನೂ ಹೋಗುತ್ತಿದೆ ಎಂಬ ಎರಡೂ ಸಂಗತಿಗಳು ಚಿತ್ರದೊಳಕ್ಕೆ ಬರುತ್ತವೆ.

ಮರುದಿನ, 17ರಂದು, ಐದೂ ಭಾಗಗಳು ಕೂತು ಆ ಕಿಂಡಿಯ ಹರಿವು ನಿಂತಿತು. ಆ ದಿನ ಕೆಲಸಗಾರರು ಕೈಯೆತ್ತಿ ಸಂಭ್ರಮಿಸುವ ಚಿತ್ರವನ್ನೇ ಎಲ್ಲರೂ ಹುಡುಕುತ್ತಾರೆ, ಅದಕ್ಕೆ ಹೆಚ್ಚು ಪದಗಳೂ ಬೇಕಾಗುವುದಿಲ್ಲ. ಆಯ್ಕೆ ನನ್ನದಾಗಿದ್ದರೆ ನೀರಿಲ್ಲದ ಆ ಕಿಂಡಿಯ ಚಿತ್ರವನ್ನು ತೆಗೆದುಕೊಳ್ಳುತ್ತಿದ್ದೆ. ಒದ್ದೆ ಕಲ್ಲು ಮತ್ತು ಉಕ್ಕು ಬಿಟ್ಟರೆ ಅದರಲ್ಲಿ ನೋಡಲು ಏನೂ ಇಲ್ಲ, ಅಡಿಬರಹವಿಲ್ಲದೆ ಯಾವ ಸಂಪಾದಕರೂ ಅದನ್ನು ಪುಟಕ್ಕೆ ಒಪ್ಪಲಾರರು. ಅದರ ಕೆಳಗೆ ಬರೆಯುತ್ತಿದ್ದದ್ದು ಇಷ್ಟು: ‘ಶನಿವಾರ (ಆ. 17) ತುಂಗಭದ್ರಾ ಜಲಾಶಯದ 19ನೇ ಗೇಟಿನ ಜಾಗ. ಒಂದು ವಾರದಿಂದ ನೀರು ನುಗ್ಗುತ್ತಿದ್ದದ್ದು ಇಲ್ಲಿಂದಲೇ.’